ಆರು ನಿಮಿಷದ ಲೋಡಿಂಗು, 198 ಕೋಟಿ ಹೋಲಿಕೆ

ಜಿಟಿಎ ಆನ್‌ಲೈನ್ ಆಡಿದವರಿಗೆ ಆ ಲೋಡಿಂಗ್ ಪರದೆ ಚೆನ್ನಾಗಿ ನೆನಪಿರುತ್ತೆ. ಮೋಡ, ಆಕಾಶ, ಮೇಲಿಂದ ಕಾಣೋ ಊರು, ಮೂಲೆಯಲ್ಲಿ ತಿರುಗ್ತಾ ಇರೋ ಒಂದು ಚಕ್ರ. ಅಷ್ಟರಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರಬಹುದು. ಕುಡಿದು ಮುಗಿಸಿ ಲೋಟ ತೊಳೆದಿಟ್ಟರೂ ಚಕ್ರ ತಿರುಗ್ತಾನೇ ಇರುತ್ತಿತ್ತು. ಈ ಆಟ ಪಿಸಿಗೆ ಬಂದಿದ್ದು 2015ರಲ್ಲಿ. ಅಲ್ಲಿಂದ ಆರು ವರ್ಷ ಆಡುವವರು ಇದಕ್ಕೆ ತಮ್ಮದೇ ಕಾರಣ ಹುಡುಕಿಕೊಂಡಿದ್ದರು: ಹಾರ್ಡ್ ಡಿಸ್ಕ್ ನಿಧಾನ, ಎಸ್‌ಎಸ್‌ಡಿ ಹಾಕಿಸು, ಇಂಟರ್ನೆಟ್ ಸರಿಯಿಲ್ಲ, ಅವರ ಸರ್ವರ್ ಸರಿಯಿಲ್ಲ, ದೊಡ್ಡ ಆಟ ಅಂದ್ಮೇಲೆ ಅಷ್ಟು ಹೊತ್ತು ಆಗೇ ಆಗುತ್ತೆ.

2021ರ ಫೆಬ್ರವರಿ ಕೊನೆಯ ದಿನ `t0st` ಅನ್ನೋ ಹೆಸರಿನಲ್ಲಿ ಬರೆಯುವ ಒಬ್ಬ ಪ್ರೋಗ್ರಾಮರ್, ಈ ಕಾರಣಗಳಲ್ಲಿ ಒಂದೂ ನಿಜವಲ್ಲ ಅಂತ ತೋರಿಸಿಕೊಟ್ಟ. ಆಟದ ಸೋರ್ಸ್ ಕೋಡ್ ಅವನ ಹತ್ತಿರ ಇರಲಿಲ್ಲ. ಇದ್ದದ್ದು ಹಳೆಯ ಎಎಂಡಿ ಪ್ರೊಸೆಸರ್‌ನ ಒಂದು ಪಿಸಿ, ಒಂದೆರಡು ಉಚಿತ ಟೂಲು, ಮತ್ತು ಆರು ನಿಮಿಷ ಕಾದು ಕಾದು ಬಂದ ಸಿಟ್ಟು.

ನಾನು ಈ ಕತೆಯನ್ನ ಇಲ್ಲಿ ಹೇಳ್ತಿರೋದು ಆಟದ ಮೇಲಿನ ಪ್ರೀತಿಗಲ್ಲ. ನಿಮ್ಮ ಆಫೀಸಿನಲ್ಲಿ ಇವತ್ತು ರಾತ್ರಿ ಓಡಬೇಕಾದ ಯಾವುದೋ ರಿಪೋರ್ಟ್ ಬೆಳಗ್ಗೆ ಬಂದಾಗಲೂ ಮುಗಿದಿಲ್ಲ ಅಂದ್ರೆ, ಅದರ ಹಿಂದಿರೋ ತಪ್ಪು ಬಹುಶಃ ಇದೇ ಇರುತ್ತೆ. ತಪ್ಪಿಗೂ ಒಂದು ಚರಿತ್ರೆ ಇದೆ. ಒಂದು ಎಳೆ 1970ರ ಸುಮಾರಿಗೆ, ಇನ್ನೊಂದು 1953ಕ್ಕೆ ಹೋಗುತ್ತೆ.

ಮೊದಲು ಅವನು ಮಾಡಿದ್ದು ತುಂಬಾ ಸರಳ ಕೆಲಸ: ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ. ಕತೆ ಆಡುವ ಮೋಡ್ ಅವನ ಪಿಸಿಯಲ್ಲಿ ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಲೋಡ್ ಆಗ್ತಿತ್ತು. ಆನ್‌ಲೈನ್ ಮೋಡ್‌ಗೆ ಬೇಕಾಗಿದ್ದು ಆರು ನಿಮಿಷ. ಆನ್‌ಲೈನ್ ಮೋಡಿನಲ್ಲೂ ಮೊದಲ ಒಂದು ನಿಮಿಷ ಎರಡಕ್ಕೂ ಬೇಕಾದ ಸರಕನ್ನೇ ಲೋಡ್ ಮಾಡುತ್ತೆ. ಆಮೇಲೆ ನಾಲ್ಕು ನಿಮಿಷ ಸಿಪಿಯುವಿನ ಒಂದೇ ಒಂದು ಕೋರ್ ಪೂರ್ತಿ ದುಡಿಯುತ್ತೆ. ಡಿಸ್ಕ್ ಸುಮ್ಮನಿದೆ. ನೆಟ್‌ವರ್ಕ್ ಕೆಲವೇ ಸೆಕೆಂಡಿನಲ್ಲಿ ಸೊನ್ನೆಗೆ ಇಳಿದಿದೆ. ಗ್ರಾಫಿಕ್ಸ್ ಕಾರ್ಡ್ ನಿದ್ದೆ ಮಾಡ್ತಿದೆ. ಮೆಮೊರಿ ಏರೋದೂ ಇಲ್ಲ, ಇಳಿಯೋದೂ ಇಲ್ಲ.

ಈ ಚಿತ್ರವನ್ನ ಸ್ವಲ್ಪ ನಿಂತು ನೋಡಿ, ಯಾಕಂದ್ರೆ ಅರ್ಧ ರೋಗನಿರ್ಣಯ ಇಲ್ಲೇ ಆಗಿಹೋಗಿದೆ. ಹೊರಗಿನಿಂದ ಏನೂ ಬರ್ತಿಲ್ಲ, ಹೊರಗೆ ಏನೂ ಹೋಗ್ತಿಲ್ಲ, ಹೊಸದಾಗಿ ಏನನ್ನೂ ಇಟ್ಟುಕೊಳ್ಳುತ್ತಲೂ ಇಲ್ಲ. ಆದ್ರೂ ಒಂದು ಕೋರ್ ಬೆವರು ಸುರಿಸುತ್ತಿದೆ. ಅಂದ್ರೆ ಪ್ರೋಗ್ರಾಂ ತನ್ನ ಹತ್ತಿರ ಆಗಲೇ ಇರೋ ಡೇಟಾವನ್ನೇ ಮತ್ತೆ ಮತ್ತೆ ನೋಡ್ತಾ ಇದೆ. ಎಸ್‌ಎಸ್‌ಡಿ ಹಾಕಿಸಿದ್ರೆ ಇದಕ್ಕೆ ಏನೂ ಆಗಲ್ಲ.

ಮುಂದಿನ ಹೆಜ್ಜೆಗೆ ಅವನು ಬಳಸಿದ್ದು ಸ್ಯಾಂಪ್ಲಿಂಗ್ ಪ್ರೊಫೈಲರ್. ಅದರ ಕೆಲಸ ಇಷ್ಟೇ: ಓಡ್ತಾ ಇರೋ ಪ್ರೋಗ್ರಾಮನ್ನ ಆಗಾಗ ತಡೆದು “ಈಗ ಯಾವ ಫಂಕ್ಷನ್ ಒಳಗಿದ್ದೀಯಾ?” ಅಂತ ಕೇಳಿ ಬರೆದಿಟ್ಟುಕೊಳ್ಳೋದು. ಯಾವ ಉತ್ತರ ಹೆಚ್ಚು ಸಲ ಬರುತ್ತೋ ಅಲ್ಲೇ ಹೊತ್ತು ಹೋಗ್ತಿದೆ ಅಂತ ಅರ್ಥ. ಇಲ್ಲಿ ಎರಡು ಜಾಗ ಸಿಕ್ಕವು, ಮೊದಲು ಒಂದು, ಅದು ಮುಗಿದ ಮೇಲೆ ಇನ್ನೊಂದು. ಆ ಜಾಗಗಳ ಯಂತ್ರಭಾಷೆ ಬಿಡಿಸಿ ಓದಿದಾಗ ಕತೆ ಗೊತ್ತಾಯ್ತು. ಆಟ 10 ಮೆಗಾಬೈಟಿನ ಒಂದು ಜೇಸನ್ ಕಡತವನ್ನ ಓದ್ತಿದೆ. ಅದರಲ್ಲಿ ಸುಮಾರು 63,000 ಸಾಮಾನುಗಳ ಪಟ್ಟಿ ಇದೆ: ಆಟದೊಳಗೆ ನೀವು ಕೊಳ್ಳಬಹುದಾದ್ದರ ಹೆಸರು, ಬೆಲೆ, ವರ್ಗ ಇತ್ಯಾದಿ. 10 ಮೆಗಾಬೈಟ್ ಅಂದ್ರೆ ಈಗಿನ ಫೋನಿನ ಎರಡು ಮೂರು ಫೋಟೋ. ಇದಕ್ಕೆ ನಾಲ್ಕು ನಿಮಿಷ!

ಮೊದಲನೇ ಜಾಗದಲ್ಲಿ ಕಂಡಿದ್ದು `strlen`. ಸಿ ಭಾಷೆಯಲ್ಲಿ ಒಂದು ಸ್ಟ್ರಿಂಗಿನ ಉದ್ದ ಹೇಳುವ ಫಂಕ್ಷನ್. ಇದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗಬೇಕಾದ್ರೆ ಐವತ್ತು ವರ್ಷ ಹಿಂದೆ ಹೋಗಬೇಕು.

ಸಿ ಭಾಷೆಯ ಅಜ್ಜ ಬಿಸಿಪಿಎಲ್, ಅಪ್ಪ ಬಿ. ಬಿಸಿಪಿಎಲ್‌ನಲ್ಲಿ ಸ್ಟ್ರಿಂಗಿನ ಮೊದಲ ಬೈಟಿನಲ್ಲೇ ಅದರ ಉದ್ದ ಬರೆದಿರುತ್ತಿತ್ತು. ನೋಡಿದ ಕೂಡಲೇ ಗೊತ್ತು. ಬಿ ಭಾಷೆಗೆ ಬರುವಾಗ ಅದನ್ನ ಬಿಟ್ಟು, ಸ್ಟ್ರಿಂಗಿನ ಕೊನೆಗೆ ಒಂದು ಗುರುತು ಹಾಕುವ ಪದ್ಧತಿ ಬಂತು. ಸಿ ಅದನ್ನೇ ಮುಂದುವರೆಸಿ `\0` ಅಂತ ಮಾಡಿಕೊಂಡಿತು. ಕಾರಣವನ್ನ ಡೆನಿಸ್ ರಿಚಿ 1993ರಲ್ಲಿ ಸಿ ಭಾಷೆಯ ಚರಿತ್ರೆ ಬರೆದಾಗ ಹೇಳಿದ್ದಾರೆ: ಎಂಟು ಒಂಬತ್ತು ಬಿಟ್‌ನಲ್ಲಿ ಉದ್ದ ಬರೆದರೆ ಸ್ಟ್ರಿಂಗು ಅದಕ್ಕಿಂತ ಉದ್ದ ಆಗೋ ಹಾಗಿಲ್ಲ, ಜೊತೆಗೆ ಎಣಿಕೆಯನ್ನ ಕಾಪಾಡಿಕೊಂಡು ಹೋಗೋದಕ್ಕಿಂತ ಕೊನೆಗೊಂದು ಗುರುತು ಹಾಕೋದೇ ಅನುಕೂಲ ಅಂತ ಅನುಭವದಿಂದ ಅನ್ನಿಸಿತ್ತು. ಆ ಕಾಲದ ಪುಟ್ಟ ಯಂತ್ರಗಳಿಗೆ ತಕ್ಕ ತೀರ್ಮಾನ. ಆದ್ರೆ ಅದರ ಬೆಲೆ ಏನಪ್ಪಾ ಅಂದ್ರೆ, ಸ್ಟ್ರಿಂಗು ಎಷ್ಟು ಉದ್ದ ಇದೆ ಅಂತ ಕೇಳಿದ್ರೆ ಮೊದಲ ಅಕ್ಷರದಿಂದ ಹೊರಟು ಆ ಗುರುತು ಸಿಗೋ ತನಕ ನಡೆದು ಎಣಿಸಿಕೊಂಡು ಬರಬೇಕು. ಪ್ರತಿ ಸಲವೂ.

ಜೋಯೆಲ್ ಸ್ಪೋಲ್ಸ್ಕಿ 2001ರಲ್ಲೇ ಇದೇ ಗುಂಡಿಯ ಬಗ್ಗೆ ಬರೆದು, ರಸ್ತೆಗೆ ಗೆರೆ ಹಾಕೋ ಪೇಂಟರ್ ಒಬ್ಬನ ಹಳೇ ಜೋಕನ್ನ ಅದಕ್ಕೆ ಅಂಟಿಸಿದ್ದರು. ಪೇಂಟ್ ಡಬ್ಬಿಯನ್ನ ರಸ್ತೆಯ ಆರಂಭದಲ್ಲೇ ಇಟ್ಟು, ಬ್ರಷ್ ಅದ್ದೋಕೆ ಪ್ರತಿ ಸಲ ಅಲ್ಲಿಗೇ ವಾಪಸ್ ಹೋಗುವವನು ಅವನು. ದಿನ ಕಳೆದ ಹಾಗೆ ಬಣ್ಣ ಹಚ್ಚೋದು ಕಡಿಮೆ, ನಡೆಯೋದೇ ಜಾಸ್ತಿ.

ಜಿಟಿಎ ಬರೆದವರು `strlen` ಅಂತ ನೇರವಾಗಿ ಕರೆದಿರಲಿಲ್ಲ. ಅವರು ಕರೆದದ್ದು `sscanf`. ಸ್ಟ್ರಿಂಗಿನಿಂದ ಒಂದು ಸಂಖ್ಯೆಯನ್ನೋ ಪದವನ್ನೋ ಎತ್ತಿಕೊಡು ಅಂತ ಕೇಳುವ ಮಾಮೂಲಿ ಫಂಕ್ಷನ್. ಅದು ಒಳಗೆ ಹೇಗಿದೆ ಅಂದ್ರೆ, ಬಹಳಷ್ಟು ಲೈಬ್ರರಿಗಳಲ್ಲಿ ಕಡತದಿಂದ ಓದುವ ಕೋಡನ್ನೇ ಇಲ್ಲೂ ಬಳಸಿಕೊಂಡಿದ್ದಾರೆ. ಸ್ಟ್ರಿಂಗಿಗೆ ಕಡತದ ವೇಷ ಹಾಕಿಸಬೇಕು. ಕಡತ ಅಂದ್ಮೇಲೆ ಅದು ಎಲ್ಲಿಗೆ ಮುಗಿಯುತ್ತೆ ಅಂತ ಗೊತ್ತಿರಬೇಕು. ಹಾಗಾಗಿ ಮೊದಲ ಕೆಲಸವೇ `strlen`. ಬೆಲೆ “45000” ಅನ್ನೋ ಐದು ಅಂಕೆ ಓದಬೇಕು ಅಂದ್ರೆ, ಅಲ್ಲಿಂದ ಕಡತದ ಕೊನೆಯವರೆಗೆ ಉಳಿದ ಅಷ್ಟೂ ಮೆಗಾಬೈಟನ್ನ ಒಂದ್ಸಲ ಎಣಿಸಿ ಬಂದು, ಆಮೇಲೆ ಆ ಐದು ಅಂಕೆ ಓದುತ್ತೆ. ಮುಂದಿನ ಸಂಖ್ಯೆಗೆ ಮತ್ತೆ ಅದೇ ಯಾತ್ರೆ. ಒಂದು ಪದ ಓದೋ ಮೊದಲು ಪುಸ್ತಕದಲ್ಲಿ ಇನ್ನೆಷ್ಟು ಅಕ್ಷರ ಉಳಿದಿದೆ ಅಂತ ಕೊನೆ ಪುಟದ ತನಕ ಎಣಿಸಿ ಬರುವ ಓದುಗನನ್ನ ಕಲ್ಪಿಸಿಕೊಳ್ಳಿ.

ಈ ಲೆಕ್ಕವನ್ನ ಕೈಯಲ್ಲೇ ಹಾಕಿ ನೋಡೋಣ. ಕಡತದಲ್ಲಿ 1 ಕೋಟಿ ಬೈಟ್. ಶುರುವಿನಲ್ಲಿ ಉಳಿದಿರೋದು 1 ಕೋಟಿ, ಕೊನೆಯಲ್ಲಿ ಸೊನ್ನೆ, ಸರಾಸರಿ 50 ಲಕ್ಷ. ಒಂದು ಸಾಮಾನಿಗೆ ಒಂದೇ ಸಲ `sscanf` ಕರೆದ್ರೂ 63,000 × 50 ಲಕ್ಷ, ಅಂದ್ರೆ 31,500 ಕೋಟಿ ಬೈಟ್ ಎಣಿಸಬೇಕು. ಒಂದು ಸಾಮಾನಿನಲ್ಲಿ ಮೂರು ಸಲ ಕರೀತಾರೆ ಅಂತ ಇಟ್ಟುಕೊಳ್ಳಿ: 94,500 ಕೋಟಿ. ಸೆಕೆಂಡಿಗೆ 500 ಕೋಟಿ ಬೈಟ್ ಎಣಿಸಿದ್ರೂ ಮೂರು ನಿಮಿಷದ ಮೇಲೆ ಹೋಗುತ್ತೆ. ಅದೇ ಕಡತವನ್ನ ಮೊದಲಿಂದ ಕೊನೆಗೆ ಒಂದೇ ಸಲ ನಡೆದು ಓದಿದ್ರೆ ಮುಟ್ಟಬೇಕಾದ್ದು ಬರೀ 1 ಕೋಟಿ ಬೈಟ್.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಕೋಡಿನಲ್ಲಿ ಕಣ್ಣಿಗೆ ಕಾಣೋದು ಒಂದೇ ಲೂಪು. ಎರಡನೇ ಲೂಪು ಲೈಬ್ರರಿಯ ಹೊಟ್ಟೆಯೊಳಗೆ ಅಡಗಿ ಕೂತಿದೆ. `t0st` ಕೂಡಾ ಇದಕ್ಕೆ ಡೆವಲಪರ್‌ಗಳನ್ನ ಬೈಯೋಕೆ ಹೋಗಲಿಲ್ಲ. ಹೆಚ್ಚಿನ `sscanf`ಗಳು ಹೀಗೆ ಮಾಡುತ್ತವೆ ಅಂತ ತನಗೂ ಗೊತ್ತಿರಲಿಲ್ಲ ಅಂತ ಬರೆದ. ಅದನ್ನ ಓದಿ ನಕ್ಕ ಇನ್ನೊಬ್ಬ ಪ್ರೋಗ್ರಾಮರ್ ಒಂದೆರಡು ದಿನದಲ್ಲೇ, ತಾನು ಬರೆದ ಮೂರು ಆಯಾಮದ ಮಾದರಿಗಳ ಕಡತ ಓದುವ ಕೋಡಿನಲ್ಲೂ ಅದೇ ತಪ್ಪು ಇದೆ ಅಂತ ಒಪ್ಪಿಕೊಂಡ.

ಎರಡನೇ ಜಾಗದ ತಪ್ಪಿಗೆ ಅಂಥ ನೆಪ ಇಲ್ಲ. ಪ್ರತಿ ಸಾಮಾನನ್ನ ಓದಿದ ಮೇಲೆ ಆಟ ಅದನ್ನ ಒಂದು ಸಾಲಿನಲ್ಲಿ ಸೇರಿಸ್ತಿತ್ತು. ಸೇರಿಸೋ ಮೊದಲು “ಇದು ಆಗಲೇ ಇದೆಯಾ?” ಅಂತ ಸಾಲಿನ ಮೊದಲಿಂದ ಒಂದೊಂದಾಗಿ ನೋಡ್ತಿತ್ತು. ತಿರುಳು ಹೀಗಿದೆ:

```c
for (i = 0; i < n; i++) {
    for (j = 0; j < i; j++)
        if (list[j].hash == item[i].hash) break;
    if (j == i) append(list, item[i]);
}
```

ಹಳ್ಳಿ ಮದುವೆಯಲ್ಲಿ ಮುಯ್ಯಿ ಬರೆಯೋ ಮೇಜು ನೋಡಿದ್ದೀರಲ್ವಾ? ನಮ್ಮ ಕಡೆ ಇದು ಯಾವಾಗಲೂ ಸೋದರಮಾವನ ಪಾಲಿನ ಕೆಲಸ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಬಂದವರ ಹೆಸರು, ಕೊಟ್ಟ ಹಣ. ಒಂದೇ ಮನೆಯವರದ್ದು ಎರಡು ಸಲ ಬರೆಯಬಾರದು ಅಂತ ಮಾವ ಹಟ ಹಿಡಿದ್ರು ಅಂದುಕೊಳ್ಳಿ. ಹತ್ತನೇ ಮನೆಯವರು ಬಂದಾಗ ಒಂಬತ್ತು ಹೆಸರು ನೋಡಬೇಕು, ಅದೇನು ಮಹಾ. ಐನೂರನೆಯವರು ಬಂದಾಗ 499 ಹೆಸರು ಓದಬೇಕು. ಸಾಲು ಊಟದ ಮನೆ ತನಕ ಬೆಳೆಯುತ್ತೆ. ಮಾವ ಓದೋದು ನಿಧಾನ ಅಂತ ಜನ ಗೊಣಗ್ತಾರೆ, ಆದ್ರೆ ಇನ್ನೂ ಜೋರಾಗಿ ಓದೋ ಭಾವನನ್ನ ಕೂರಿಸಿದ್ರೂ ಅಷ್ಟೇ, ಅತಿಥಿಗಳು ಎರಡರಷ್ಟಾದ ಕೂಡಲೇ ಕೆಲಸ ನಾಲ್ಕರಷ್ಟಾಗಿರುತ್ತೆ.

63,000 ಸಾಮಾನಿಗೆ ಈ ಲೆಕ್ಕ ಎಷ್ಟಾಗುತ್ತೆ? ಮೊದಲನೆಯದಕ್ಕೆ ಸೊನ್ನೆ ಹೋಲಿಕೆ, ಎರಡನೆಯದಕ್ಕೆ 1, ಮೂರನೆಯದಕ್ಕೆ 2… ಒಟ್ಟು `n²/2`ರ ಆಸುಪಾಸು. 63,000ದ ವರ್ಗ 396.9 ಕೋಟಿ, ಅದರ ಅರ್ಧ ಸುಮಾರು 198 ಕೋಟಿ. ಇದೇ ಕೋಡನ್ನ 1,000 ಸಾಮಾನಿನ ಕಡತದ ಮೇಲೆ ಓಡಿಸಿದ್ರೆ 5 ಲಕ್ಷ ಹೋಲಿಕೆ. ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಬರೆದವರ ಟೇಬಲ್ ಮೇಲೆ ಇಂಥ ಕೋಡು ಯಾವತ್ತೂ ತಪ್ಪಾಗಿ ಕಾಣೋದಿಲ್ಲ. ವಿಂಡೋಸ್ ಪ್ರೋಗ್ರಾಂಗಳ ನಿಧಾನದ ಬೆನ್ನು ಹತ್ತುವುದರಲ್ಲಿ ಹೆಸರಾದ ಬ್ರೂಸ್ ಡಾಸನ್ ಇದನ್ನ ಒಂದು ನಿಯಮದ ಹಾಗೆ ಹೇಳ್ತಾರೆ: ವರ್ಗದಂತೆ ಬೆಳೆಯುವ ಕೋಡು ಗ್ರಾಹಕರ ಕೈಗೆ ತಲುಪುವಷ್ಟು ವೇಗವಾಗಿರುತ್ತೆ, ತಲುಪಿದ ಮೇಲೆ ಕುಸಿಯುವಷ್ಟು ನಿಧಾನವಾಗಿರುತ್ತೆ. `n³` ಆಗಿದ್ರೆ ಪಾಪ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ 1953. ಐಬಿಎಂನಲ್ಲಿ ಹಾನ್ಸ್ ಪೀಟರ್ ಲೂನ್ ಅಂತ ಒಬ್ಬ ಎಂಜಿನಿಯರ್ ಇದ್ದರು. ನಿಮ್ಮ ಕ್ರೆಡಿಟ್ ಕಾರ್ಡಿನ ಕೊನೆಯ ಅಂಕೆ ಸರಿಯಿದೆಯಾ ಅಂತ ಪರೀಕ್ಷಿಸುವ ಸೂತ್ರ ಅವರದ್ದೇ. ಆ ವರ್ಷ ಜನವರಿಯಲ್ಲಿ ಕಂಪನಿಯ ಒಳಗೇ ಓಡಾಡಿದ ಒಂದು ಟಿಪ್ಪಣಿಯಲ್ಲಿ ಅವರು ಹೇಳಿದ ಉಪಾಯ ಹೀಗಿತ್ತು: ಹುಡುಕಬೇಕಾದ ವಸ್ತುವಿನ ಸಂಖ್ಯೆಯಿಂದಲೇ ಒಂದು ಸಣ್ಣ ಲೆಕ್ಕ ಮಾಡಿ, ಅದು ಯಾವ ಗೂಡಿನಲ್ಲಿ ಇರಬೇಕು ಅಂತ ಕಂಡುಕೊಳ್ಳಿ. ಇಡುವಾಗಲೂ ಅದೇ ಲೆಕ್ಕ, ತೆಗೆಯುವಾಗಲೂ ಅದೇ. ಒಂದೇ ಗೂಡಿಗೆ ಇಬ್ಬರು ಬಂದ್ರೆ ಅಲ್ಲಿ ಸಣ್ಣ ಸರಪಳಿ ಮಾಡಿ. 1956ರಲ್ಲಿ ಆರ್ನಾಲ್ಡ್ ಡ್ಯೂಮಿ ಇಂಥದ್ದೇ ವಿಚಾರವನ್ನ ಮೊದಲ ಬಾರಿಗೆ ಅಚ್ಚಿನಲ್ಲಿ ಬರೆದರು. ಇವತ್ತು ನಾವು ಪೈಥಾನಿನಲ್ಲಿ `set`, `dict` ಅಂತಲೂ ಜಾವಾದಲ್ಲಿ `HashSet`, `HashMap` ಅಂತಲೂ ಬಳಸೋದು ಇದನ್ನೇ. ಮಾವನ ಮೇಜಿನ ಮೇಲೆ ಒಂದು ನೋಟ್‌ಬುಕ್ಕಿನ ಬದಲು, ಮೊದಲ ಅಕ್ಷರಕ್ಕೊಂದು ಪುಟ ಇರೋ ರಿಜಿಸ್ಟರ್ ಇಟ್ಟ ಹಾಗೆ, ಆದ್ರೆ ಪುಟಗಳು ಐವತ್ತಲ್ಲ, ಬಂದವರಷ್ಟೇ ಇವೆ. ಹಾಗಾಗಿ ಯಾವ ಪುಟದಲ್ಲೂ ಒಂದೆರಡಕ್ಕಿಂತ ಹೆಚ್ಚು ಹೆಸರು ಇರೋದಿಲ್ಲ.

ತಮಾಷೆ ನೋಡಿ: ಜಿಟಿಎ ಕೋಡಿನಲ್ಲಿ ಪ್ರತಿ ಸಾಮಾನಿಗೂ ಹ್ಯಾಶ್ ಇತ್ತು. ಹೋಲಿಸ್ತಿದ್ದದ್ದೇ ಹ್ಯಾಶ್‌ಗಳನ್ನ. ಗೂಡಿನ ನಂಬರ್ ಮಾಡಬಹುದಾದ ಸಂಖ್ಯೆಯನ್ನ ಕೈಯಲ್ಲಿ ಹಿಡಕೊಂಡು, ಗೂಡನ್ನೇ ಕಟ್ಟದೆ, ಸಾಲಿನ ಮೊದಲಿಂದ ಹುಡುಕ್ತಾ ಹೋಗಿದ್ದಾರೆ.

ಈ “ಎಷ್ಟು ಪಟ್ಟು ಬೆಳೆಯುತ್ತೆ” ಅನ್ನೋ ಮಾತನ್ನ ನಾವು `O(n)`, `O(n²)` ಅಂತ ಬರೀತೀವಲ್ಲ, ಆ `O` ಕಂಪ್ಯೂಟರಿಗಿಂತ ಹಳೆಯದು. ಜರ್ಮನಿಯ ಗಣಿತಜ್ಞ ಪಾಲ್ ಬಾಖ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತದ ಪುಸ್ತಕವೊಂದರಲ್ಲಿ ಅದನ್ನ ಬಳಸಿದರು, ಎಡ್ಮಂಡ್ ಲಾಂಡೌ 1909ರಲ್ಲಿ ಅದನ್ನ ಬಳಕೆಗೆ ತಂದರು. ಪ್ರೋಗ್ರಾಂಗಳಿಗೆ ಅದನ್ನ ಹೇಗೆ ಸರಿಯಾಗಿ ಬಳಸಬೇಕು ಅಂತ ಡೊನಾಲ್ಡ್ ಕ್ನೂತ್ 1976ರಲ್ಲಿ ಒಂದು ಪುಟ್ಟ ಲೇಖನ ಬರೆದು ಪಾಠ ಮಾಡಿದರು. ಇಂಟರ್‌ವ್ಯೂನಲ್ಲಿ ಕೇಳ್ತಾರೆ ಅಂತ ನಾವೆಲ್ಲ ಉರು ಹೊಡೆದಿರ್ತೀವಿ. ಆದ್ರೆ ನಿಧಾನವಾದ ಪ್ರೋಗ್ರಾಂ ಮುಂದೆ ಕೂತಾಗ ಅದು ನೆನಪಿಗೇ ಬರೋದಿಲ್ಲ. ನನ್ನದೇ ಉದಾಹರಣೆ ಹೇಳ್ತೀನಿ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ದಿನಾ ರಾತ್ರಿ ಎರಡು ಪಟ್ಟಿ ಹೋಲಿಸೋ ಕೆಲಸ ಇತ್ತು. ಇವತ್ತಿನ ಗ್ರಾಹಕರಲ್ಲಿ ಹಳೇ ಪಟ್ಟಿಯಲ್ಲಿ ಇಲ್ಲದವರು ಯಾರು? ನಾನು ಬರೆದ ಕೋಡು:

```python
fresh = []
for c in today:
    if c not in old:
        fresh.append(c)
```

ಎಷ್ಟು ಚೆನ್ನಾಗಿ ಓದಿಸಿಕೊಂಡು ಹೋಗುತ್ತೆ! ಲೂಪಿನೊಳಗೆ ಲೂಪು ಎಲ್ಲಿದೆ? `not in` ಅನ್ನೋ ಎರಡು ಪದದಲ್ಲಿದೆ. `old` ಒಂದು ಲಿಸ್ಟ್ ಆಗಿದ್ರೆ, ಆ ಎರಡು ಪದ ಪ್ರತಿ ಸಲವೂ ಲಿಸ್ಟಿನ ಮೊದಲಿಂದ ನಡೆಯುತ್ತೆ. ಗ್ರಾಹಕ ನಿಜವಾಗಲೂ ಹೊಸಬನಾಗಿದ್ರೆ ಕೊನೆ ತನಕ ಹೋಗಿ ಬರಿಗೈಲಿ ವಾಪಸ್ ಬರುತ್ತೆ. ಪರೀಕ್ಷೆಗೆ ನಾನು ಇಟ್ಟುಕೊಂಡಿದ್ದು ತಲಾ 500 ಸಾಲು. ನಿಜವಾದ ಕಡತಗಳು ಬೆಳೆದು ತಲಾ 4 ಲಕ್ಷ ಸಾಲಿನ ಹತ್ತಿರ ಬಂದಾಗ ಕೆಲಸ ಒಂದು ಗಂಟೆ ದಾಟಿತು. ಅದರ ಹಿಂದೆ ಸಾಲಾಗಿ ನಿಂತಿದ್ದ ಉಳಿದ ಕೆಲಸಗಳೂ ಜಾರಿ, ಬೆಳಗ್ಗೆ ಒಂಬತ್ತಕ್ಕೆ ಬೇಕಾದ ರಿಪೋರ್ಟು ಖಾಲಿ ಹೋಯ್ತು. ಮೀಟಿಂಗಿನಲ್ಲಿ ಬಂದ ಮೊದಲ ಸಲಹೆ, ದೊಡ್ಡ ಮಷೀನ್ ತಗೊಳ್ಳೋಣ ಅಂತ. ಹೂಂ ಅಂದವರಲ್ಲಿ ನಾನೂ ಒಬ್ಬ.

ಪಕ್ಕದ ಟೀಮಿನ ಒಬ್ಬ ಹಿರಿಯರು ಬಂದು ಕೇಳಿದ್ದು ಒಂದೇ ಪ್ರಶ್ನೆ: “ಡೇಟಾ ಎರಡರಷ್ಟು ಮಾಡಿದ್ರೆ ಟೈಮ್ ಎಷ್ಟಾಗುತ್ತೆ, ನೋಡಿದ್ಯಾ?” ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ನೋಡಿದೆ. ತಲಾ 10,000 ಸಾಲಿಗೆ ಸುಮಾರು 2 ಸೆಕೆಂಡು. 20,000ಕ್ಕೆ 8. 40,000ಕ್ಕೆ 33. ಪ್ರತಿ ಸಲವೂ ನಾಲ್ಕು ಪಟ್ಟು. ಇನ್ನೇನು ಕೇಳೋದು? 4 ಲಕ್ಷ ಅಂದ್ರೆ 10,000ದ ನಲವತ್ತು ಪಟ್ಟು, ನಲವತ್ತರ ವರ್ಗ 1,600, ಎರಡು ಸೆಕೆಂಡಿನಿಂದ ಗುಣಿಸಿದ್ರೆ 3,200 ಸೆಕೆಂಡು, ಹತ್ತಿರ ಹತ್ತಿರ ಒಂದು ಗಂಟೆ. ಪ್ರೋಗ್ರಾಂ ತನ್ನ ಜಾತಕವನ್ನ ತಾನೇ ಬರೆದುಕೊಟ್ಟಿತ್ತು. ಎರಡು ಪಟ್ಟು ವೇಗದ ಮಷೀನ್ ತಂದಿದ್ರೆ ಅರ್ಧ ಗಂಟೆ ಆಗ್ತಿತ್ತು, ಗ್ರಾಹಕರು ಇನ್ನೊಂದು ಒಂದೂವರೆ ಪಟ್ಟು ಆಗೋ ಹೊತ್ತಿಗೆ ವಾಪಸ್ ಒಂದು ಗಂಟೆ.

ಈ ಎರಡರಷ್ಟು ಮಾಡುವ ಪರೀಕ್ಷೆಗೆ ಒಂದೆರಡು ಎಚ್ಚರಿಕೆ ಇದೆ. ತೀರಾ ಸಣ್ಣ ಡೇಟಾದಲ್ಲಿ ಮಾಡಬೇಡಿ. ಪ್ರೋಗ್ರಾಂ ಶುರುವಾಗೋಕೆ ತಗೊಳ್ಳೋ ಹೊತ್ತೇ ಎಲ್ಲವನ್ನೂ ಮುಚ್ಚಿಬಿಡುತ್ತೆ. ಅಳತೆಗೆ ಸಿಗುವಷ್ಟು, ಒಂದೆರಡು ಸೆಕೆಂಡಾದ್ರೂ ಆಗುವಷ್ಟು ಡೇಟಾ ಇರಲಿ. ಡೇಟಾದ ಸ್ವಭಾವವೂ ನಿಜದ್ದರ ಹಾಗೇ ಇರಲಿ: ನನ್ನ ಪರೀಕ್ಷೆಯಲ್ಲಿ ಎಲ್ಲಾ ಗ್ರಾಹಕರೂ ಹಳೇ ಪಟ್ಟಿಯ ಮೊದಲ ಹತ್ತು ಸಾಲಿನಲ್ಲೇ ಸಿಕ್ಕಿಬಿಡುವ ಹಾಗಿದ್ದಿದ್ರೆ, ಅದೇ ಕೋಡು ಸೊಗಸಾಗಿ ಎರಡೇ ಪಟ್ಟು ಬೆಳೆದು ನನ್ನನ್ನ ಮೋಸ ಮಾಡ್ತಿತ್ತು. ಎರಡಕ್ಕೆ ಎರಡು ಪಟ್ಟೇ ಬಂದು, ಆದ್ರೂ ನಿಧಾನ ಇದ್ರೆ, ತಪ್ಪು ಲೂಪಿನದ್ದಲ್ಲ; ಒಳಗೆ ಪ್ರತಿ ಸಾಲಿಗೂ ಡೇಟಾಬೇಸನ್ನೋ ನೆಟ್‌ವರ್ಕನ್ನೋ ತಟ್ಟುತ್ತಿದ್ದೀರಾ ನೋಡಿ.

ಪರಿಹಾರ ಒಂದು ಸಾಲು: ಲೂಪಿಗೆ ಮೊದಲು `old = set(old)`. ನಾನು ಆತುರದಲ್ಲಿ ಮೊದಲು ಬರೆದದ್ದು ಬೇರೆ: ಲೂಪಿನೊಳಗೇ `if c not in set(old)`. ಕೆಲಸ ಮೊದಲಿಗಿಂತ ನಿಧಾನ ಆಯ್ತು! ಯಾಕಂದ್ರೆ ಪ್ರತಿ ಗ್ರಾಹಕನಿಗೂ 4 ಲಕ್ಷ ಗೂಡಿನ ರಿಜಿಸ್ಟರನ್ನ ಹೊಸದಾಗಿ ಕಟ್ಟಿ, ಒಂದೇ ಒಂದು ಪ್ರಶ್ನೆ ಕೇಳಿ, ಬಿಸಾಕ್ತಾ ಇದ್ದೆ. ಸೆಟ್ ಕಟ್ಟೋದಕ್ಕೂ ಪಟ್ಟಿಯ ಉದ್ದದಷ್ಟು ಕೆಲಸ ಇದೆ, ಅದನ್ನ ಒಂದೇ ಸಲ ಮಾಡಬೇಕು. ಆ ಸಾಲನ್ನ ಮೇಲಕ್ಕೆ ಎತ್ತಿದ ಮೇಲೆ ಒಂದು ಗಂಟೆಯ ಕೆಲಸ ಒಂದು ಸೆಕೆಂಡಿನೊಳಗೆ ಮುಗಿಯಿತು. ಮುಗಿದಿದೆ ಅಂತ ನಂಬದೆ ಎರಡು ಸಲ ಔಟ್‌ಪುಟ್ ತೆರೆದು ನೋಡಿದ್ದೆ.

`not in` ಒಂದೇ ಅಲ್ಲ, ಇನ್ನೂ ಕೆಲವು ಸಾಧು ಮುಖದ ಕರೆಗಳ ಹಿಂದೆ ಲೂಪು ಇರುತ್ತೆ. ಪೈಥಾನ್ ಲಿಸ್ಟಿನಲ್ಲಿ `pop(0)` ಅಂದ್ರೆ ಮೊದಲನೆಯದನ್ನ ತೆಗೆದು ಉಳಿದವರೆಲ್ಲರನ್ನೂ ಒಂದೊಂದು ಹೆಜ್ಜೆ ಮುಂದೆ ಸರಿಸೋದು. ಬಸ್ ಕ್ಯೂನಲ್ಲಿ ನಡೆಯುವಂಥದ್ದೇ. ಅದಕ್ಕೆ `deque` ಇದೆ. ಜಾವಾದಲ್ಲಿ `LinkedList`ನ `get(i)` ಪ್ರತಿ ಸಲ ಒಂದು ತುದಿಯಿಂದ ನಡೆದು ಬರುತ್ತೆ. ಯಾವ ಕರೆ ಒಂದೇ ಹೆಜ್ಜೆ, ಯಾವುದು ಪೂರ್ತಿ ಸಾಲು ಅನ್ನೋದು ಹೆಸರಿನಿಂದ ಗೊತ್ತಾಗಲ್ಲ. `set` ಮೇಲಿನ `in` ಮತ್ತು `list` ಮೇಲಿನ `in` ಅಕ್ಷರಕ್ಕೆ ಅಕ್ಷರ ಒಂದೇ.

ಹಾಗಂತ ಲೂನ್ ಅವರ ಗೂಡುಗಳು ಮಂತ್ರದಂಡ ಅಲ್ಲ. “ಗೂಡಿಗೆ ಒಂದೆರಡು” ಅನ್ನೋದು ಸರಾಸರಿ ಮಾತು. ಎಲ್ಲರೂ ಒಂದೇ ಗೂಡಿಗೆ ಬೀಳುವ ಹಾಗೆ ಯಾರಾದರೂ ಬೇಕಂತಲೇ ಹೆಸರು ಆರಿಸಿ ಕಳಿಸಿದ್ರೆ, ಸರಪಳಿ ಉದ್ದವಾಗಿ ನಾವು ಮತ್ತೆ ಮಾವನ ನೋಟ್‌ಬುಕ್ಕಿಗೇ ವಾಪಸ್. ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ 2003ರಲ್ಲಿ ಇದನ್ನ ದಾಳಿಯಾಗಿ ಬಳಸಬಹುದು ಅಂತ ತೋರಿಸಿದರು. ಆಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2011ರ ಡಿಸೆಂಬರಿನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಯೂಲಿಯಾನ್ ವೆಲ್ಡೆ, ವೆಬ್‌ಸೈಟಿಗೆ ಇಂಥ ಹೆಸರುಗಳು ತುಂಬಿದ ಒಂದು ಫಾರ್ಮ್ ಕಳಿಸಿ ಸರ್ವರನ್ನ ಹೇಗೆ ಮಲಗಿಸಬಹುದು ಅಂತ ವಿವರಿಸಿದ ಮೇಲೆ ಎಲ್ಲರೂ ಎದ್ದು ಕೂತರು. ಪೈಥಾನ್ 3.3ರಿಂದ ಪ್ರೋಗ್ರಾಂ ಪ್ರತಿ ಸಲ ಶುರುವಾದಾಗಲೂ ಸ್ಟ್ರಿಂಗುಗಳ ಗೂಡಿನ ಲೆಕ್ಕ ಬೇರೆ ಬೇರೆ ಆಗೋದು ಇದೇ ಕಾರಣಕ್ಕೆ. ಇನ್ನು ಹತ್ತೇ ವಸ್ತು ಇರೋ ಕಡೆ ಲಿಸ್ಟೇ ಸಾಕು. ಗೂಡು ಕಟ್ಟುವ ಖರ್ಚೂ ಇಲ್ಲ, ಮೆಮೊರಿಯೂ ಉಳಿಯುತ್ತೆ.

ವಾಪಸ್ `t0st` ಹತ್ತಿರ ಬರೋಣ. ಸೋರ್ಸ್ ಇಲ್ಲದ ಪ್ರೋಗ್ರಾಮನ್ನ ಸರಿಮಾಡೋದು ಹೇಗೆ? ಅವನು ಒಂದು ಸಣ್ಣ ಡಿಎಲ್‌ಎಲ್ ಬರೆದು ಓಡ್ತಿರೋ ಆಟದೊಳಗೆ ಸೇರಿಸಿದ. ಅದು ಎರಡು ಕೆಲಸ ಮಾಡ್ತಿತ್ತು. ಮೊದಲನೆಯದು, `strlen` ಕರೆಯನ್ನ ಮಧ್ಯದಲ್ಲೇ ಹಿಡಿದು, ತುಂಬಾ ಉದ್ದದ ಸ್ಟ್ರಿಂಗು ಬಂದ್ರೆ ಅದರ ಆರಂಭವನ್ನೂ ಉದ್ದವನ್ನೂ ನೆನಪಿಟ್ಟುಕೊಳ್ಳೋದು. ಮುಂದಿನ ಸಲ ಅದೇ ಸ್ಟ್ರಿಂಗಿನ ನಡುವಿಂದ ಯಾರಾದರೂ ಉದ್ದ ಕೇಳಿದ್ರೆ ನಡೆಯದೆ, ಕಳೆದು ಹೇಳಿಬಿಡೋದು. ಬಿಸಿಪಿಎಲ್‌ನ ಆ ಮೊದಲ ಬೈಟನ್ನ ಹಿಂಬಾಗಿಲಿಂದ ವಾಪಸ್ ತಂದ ಹಾಗೆ! ಎರಡನೆಯದು, “ಆಗಲೇ ಇದೆಯಾ?” ಪರೀಕ್ಷೆಯನ್ನ ಪೂರ್ತಿ ಹಾರಿಸಿ, ಸಾಮಾನನ್ನ ನೇರವಾಗಿ ಸೇರಿಸೋದು.

ಒಂದೊಂದನ್ನೇ ಬೇರೆ ಬೇರೆ ಅಳೆದದ್ದು ಅವನ ಕೆಲಸದ ಒಳ್ಳೇ ಭಾಗ. ಏನೂ ಮಾಡದೆ 6 ನಿಮಿಷ. ಎರಡನೇ ತಪ್ಪನ್ನ ಮಾತ್ರ ಸರಿಮಾಡಿದ್ರೆ 4 ನಿಮಿಷ 30 ಸೆಕೆಂಡು. ಮೊದಲನೆಯದನ್ನ ಮಾತ್ರ ಸರಿಮಾಡಿದ್ರೆ 2 ನಿಮಿಷ 50 ಸೆಕೆಂಡು. ಎರಡನ್ನೂ ಮಾಡಿದಾಗ 1 ನಿಮಿಷ 50 ಸೆಕೆಂಡು. ನೂರಕ್ಕೆ ಎಪ್ಪತ್ತರ ಹತ್ತಿರ ಉಳಿತಾಯ. ಒಂದೇ ತಪ್ಪನ್ನ ಹಿಡಿದು ಖುಷಿಯಾಗಿ ನಿಲ್ಲಿಸಿದ್ರೆ ಇನ್ನೊಂದು ಒಂದು ನಿಮಿಷ ಹಾಗೇ ಉಳಿದುಬಿಡ್ತಿತ್ತು. ದೊಡ್ಡ ಸದ್ದು ನಿಂತ ಮೇಲೆ ಸಣ್ಣ ಸದ್ದು ಕೇಳಿಸೋದು, ಅದಕ್ಕೇ ಪ್ರೊಫೈಲರನ್ನ ಎರಡನೇ ಸಲವೂ ಓಡಿಸಬೇಕು.

ಆಟದ ಕಂಪನಿ ರಾಕ್‌ಸ್ಟಾರ್ ಅವನು ಹೇಳಿದ್ದು ಸರಿ ಅಂತ ಒಪ್ಪಿಕೊಂಡು, ಮಾರ್ಚ್ ತಿಂಗಳಲ್ಲೇ ಅಪ್‌ಡೇಟ್ ಕೊಟ್ಟಿತು. ಅವನಿಗೆ 10,000 ಡಾಲರ್ ಬಹುಮಾನವೂ ಸಿಕ್ಕಿತು. ಅವನು ಬರೆದದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡನೇ ತಪ್ಪಿನ ಬಗ್ಗೆ ಹೇಳಿದ ಒಂದು ಸಂಗತಿ. ಕಡತ ಓದಲು ಶುರುಮಾಡುವಾಗ ಆ ಸಾಲು ಪೂರ್ತಿ ಖಾಲಿ. ಕಡತದಲ್ಲಿರೋ 63,000 ಸಾಮಾನುಗಳಲ್ಲಿ ಒಂದೂ ಎರಡು ಸಲ ಬರೋದಿಲ್ಲ. ಅಂದ್ರೆ ಆ 198 ಕೋಟಿ ಹೋಲಿಕೆಗಳಲ್ಲಿ “ಹೌದು, ಆಗಲೇ ಇದೆ” ಅನ್ನೋ ಉತ್ತರ ಒಂದು ಸಲವೂ ಬರ್ತಿರಲಿಲ್ಲ.